ನನ್ನ 84 ಡಾಲರ್ 44 ಆಗಿದ್ದು ಹೇಗೆ?

ಪ್ರಶ್ನೆ: ಸರ್, ನಮ್ಮದು ಸೋಮವಾರಪೇಟೆ ಹತ್ತಿರ ಸಣ್ಣ ಕಾಫಿ ತೋಟ. 2022ರಿಂದ ಹೊರದೇಶದ ಒಂದು ಆನ್‌ಲೈನ್ ಪ್ಲಾಟ್‌ಫಾರ್ಮಿನಲ್ಲಿ ಫೋಟೋ ಎಡಿಟಿಂಗ್ ಮಾಡ್ತಿದ್ದೆ. ಕೊನೆಯ ಕೆಲಸ ಮುಗಿಸಿದ್ದು 2023ರ ನವೆಂಬರಿನಲ್ಲಿ. ಆಮೇಲೆ ಕುಯ್ಲು, ಅಮ್ಮನ ಆಸ್ಪತ್ರೆ ಅಂತ ಅದರ ಕಡೆ ಹೋಗಲೇ ಇಲ್ಲ. 2024ರ ಜೂನಿನಲ್ಲಿ ಒಮ್ಮೆ ಲಾಗಿನ್ ಆದಾಗ 84 ಡಾಲರ್ ಹಾಗೇ ಇತ್ತು. ಈಗ, 2025ರ ಜುಲೈನಲ್ಲಿ ನೋಡಿದರೆ 44 ಇದೆ. ಯಾರೂ ಹೇಳಿಲ್ಲ, ಕೇಳಿಲ್ಲ. 100 ಆಗುವವರೆಗೆ ತೆಗೆಯೋಕೂ ಬಿಡಲ್ಲ. ಬ್ಯಾಂಕಿನಲ್ಲಿ ಹೀಗೆಲ್ಲ ಮಾಡೋ ಹಾಗಿಲ್ಲ ಅಲ್ವಾ? ಈ ದುಡ್ಡು ವಾಪಸ್ ಸಿಗುತ್ತಾ? ಅವರ ಷರತ್ತುಗಳ ಪ್ರತಿ ಕಳಿಸಿದ್ದೇನೆ.

ಉತ್ತರ: ಸ್ವಲ್ಪ ದುಡ್ಡು ವಾಪಸ್ ಬರುವ ದಾರಿ ಇದೆ. ಆದರೆ ಮೊದಲು ಒಂದು ಮಾತು. ಸಿಟ್ಟಿನಲ್ಲಿ ಅಕೌಂಟ್ ಮುಚ್ಚುವ ಬಟನ್ ಒತ್ತಬೇಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನೀವು ಕಳಿಸಿದ ಪ್ರತಿಯನ್ನು ಪೂರ್ತಿ ಓದಿದೆ. ನಿಮ್ಮ ದುಡ್ಡು ತಿಂದ ನಿಯಮ ಒಂದೇ ಜಾಗದಲ್ಲಿ ಇಲ್ಲ. ಮೂರು ಕಡೆ ಹಂಚಿಹೋಗಿದೆ. 100 ಡಾಲರಿಗಿಂತ ಕಡಿಮೆ ಇದ್ದರೆ ವಿತ್‌ಡ್ರಾ ಮಾಡುವಂತಿಲ್ಲ ಎನ್ನುವುದು ಸಹಾಯದ ಪುಟದಲ್ಲಿದೆ. 12 ತಿಂಗಳು ಚಟುವಟಿಕೆ ಇಲ್ಲದ ಅಕೌಂಟಿಗೆ ತಿಂಗಳಿಗೆ 5 ಡಾಲರ್ ಎನ್ನುವುದು ಶುಲ್ಕಗಳ ಪಟ್ಟಿಯ ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿದೆ. ಚಟುವಟಿಕೆ ಅಂದರೆ ಏನು ಎನ್ನುವುದು ಮಾತ್ರ ಇನ್ನೆಲ್ಲೋ, ಪದಗಳ ಅರ್ಥ ಕೊಡುವ ಭಾಗದಲ್ಲಿದೆ. ಅಲ್ಲಿ ಹೇಳಿರುವುದು ಇಷ್ಟು: ಕೆಲಸ ಮುಗಿಸಿ ದುಡ್ಡು ಜಮಾ ಆಗಬೇಕು, ಇಲ್ಲವೇ ದುಡ್ಡು ವಿತ್‌ಡ್ರಾ ಆಗಬೇಕು. ಬರೀ ಲಾಗಿನ್ ಲೆಕ್ಕಕ್ಕಿಲ್ಲ.

ಒಂದೊಂದನ್ನೇ ಓದಿದರೆ ಯಾವುದೂ ದೊಡ್ಡ ಅನ್ಯಾಯ ಅನಿಸುವುದಿಲ್ಲ. ಮೂರನ್ನೂ ಸೇರಿಸಿ ಓದಿ. 100 ಆಗದೆ ನೀವು ದುಡ್ಡು ತೆಗೆಯುವಂತಿಲ್ಲ. ತೆಗೆಯದಿದ್ದರೆ ಚಟುವಟಿಕೆ ಇಲ್ಲ ಅಂತ ಆಗುತ್ತದೆ. ಚಟುವಟಿಕೆ ಇಲ್ಲದಿದ್ದರೆ ದುಡ್ಡು ಕರಗುತ್ತದೆ. ಕರಗಿದಷ್ಟೂ 100 ಇನ್ನೂ ದೂರ ಹೋಗುತ್ತದೆ. 99 ಡಾಲರ್ ಇಟ್ಟುಕೊಂಡು ಸುಮ್ನೆ ಕೂತವರ ದುಡ್ಡು ಪೂರ್ತಿ ಹೋಗುತ್ತದೆ. 101 ಇದ್ದವರು ಮೊದಲೇ ತೆಗೆದುಕೊಂಡು ಆರಾಮಾಗಿರುತ್ತಾರೆ. ಅಂದರೆ ಈ ಶುಲ್ಕ ನಿಜವಾಗಿ ಬೀಳುವುದು ಕಡಿಮೆ ದುಡ್ಡು ಇರುವವರ ಮೇಲೆಯೇ. ಇದು ನನಗೆ ಸರಿ ಕಾಣುವುದಿಲ್ಲ. ಹೊರಗೆ ಹೋಗುವ ಬಾಗಿಲು ಮುಚ್ಚಿ, ಒಳಗೆ ಇದ್ದಿದ್ದಕ್ಕೆ ಬಾಡಿಗೆ ಕೇಳಿದಂತೆ ಇದು.

ನಿಮ್ಮ ಲೆಕ್ಕ ಈಗ ಸರಿಯಾಗಿ ಕೂರುತ್ತದೆ. ಕೊನೆಯ ಚಟುವಟಿಕೆ 2023ರ ನವೆಂಬರ್. ಅಲ್ಲಿಂದ 12 ತಿಂಗಳು, 2024ರ ನವೆಂಬರ್‌ವರೆಗೆ. ಡಿಸೆಂಬರಿನಿಂದ ಕಡಿತ ಶುರು. ಈ ಜುಲೈವರೆಗೆ 8 ತಿಂಗಳು, ತಿಂಗಳಿಗೆ 5ರಂತೆ 40 ಡಾಲರ್. 84ರಲ್ಲಿ 40 ಹೋದರೆ 44. 2024ರ ಜೂನಿನಲ್ಲಿ ನೀವು ನೋಡಿದಾಗ ದುಡ್ಡು ಪೂರ್ತಿ ಇದ್ದದ್ದು ಅದಕ್ಕೇ, ಆಗ ಇನ್ನೂ ವರ್ಷ ತುಂಬಿರಲಿಲ್ಲ. ಈಗಲೂ ಸುಮ್ನೆ ಬಿಟ್ಟರೆ ಮುಂದಿನ ಏಪ್ರಿಲ್ ಹೊತ್ತಿಗೆ ಸೊನ್ನೆ. ಸೊನ್ನೆಯ ಕೆಳಗೆ ಹೋಗಿ ಸಾಲ ಆಗುವುದಿಲ್ಲ ಎಂದು ನಿಮ್ಮ ಪ್ರತಿಯಲ್ಲಿ ಬರೆದಿದ್ದಾರೆ, ಅಷ್ಟರ ಮಟ್ಟಿಗೆ ಸಮಾಧಾನ.

ಇನ್ನು ನಿಮ್ಮ ಕೈಗೆ ಸಿಕ್ಕಿರುವ ಒಳ್ಳೆಯ ದಾಳ ಯಾವುದು ಹೇಳುತ್ತೇನೆ. ಷರತ್ತುಗಳ ಪುಟದ ಮೇಲ್ಭಾಗದಲ್ಲಿ ಕೊನೆಯ ಬಾರಿ ಬದಲಾಯಿಸಿದ ದಿನಾಂಕ ಇದೆ, ನೋಡಿ. 2024ರ ಮಾರ್ಚ್. ನೀವು ಸೇರಿದ್ದು 2022. ಹಾಗಾದರೆ ನೀವು ಸೇರುವಾಗ ಈ 5 ಡಾಲರ್ ಶುಲ್ಕ ಇತ್ತಾ? `web.archive.org` ಎನ್ನುವ ತಾಣಕ್ಕೆ ಹೋಗಿ ಆ ಪುಟದ ವಿಳಾಸ ಹಾಕಿ. ಹಳೆಯ ಪುಟಗಳ ನಕಲು ಅಲ್ಲಿ ದಿನಾಂಕದ ಪ್ರಕಾರ ಉಳಿದಿರುತ್ತದೆ. ಎಲ್ಲ ಪುಟವೂ ಇರುತ್ತದೆ ಅಂತಿಲ್ಲ, ಆದರೆ ದೊಡ್ಡ ಪ್ಲಾಟ್‌ಫಾರ್ಮುಗಳ ಷರತ್ತಿನ ಪುಟ ಸಾಮಾನ್ಯವಾಗಿ ಸಿಗುತ್ತದೆ. 2022ರ ಒಂದು ನಕಲು, 2024ರ ಏಪ್ರಿಲ್ ನಂತರದ ಒಂದು ನಕಲು ತೆರೆದು ಶುಲ್ಕದ ಭಾಗವನ್ನು ಹೋಲಿಸಿ. ಹಳೆಯದರಲ್ಲಿ ಶುಲ್ಕ ಇಲ್ಲದಿದ್ದರೆ ಎರಡರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮೇಲಿನ ದಿನಾಂಕ ಕಾಣುವ ಹಾಗೆ.

ಪುಟದೊಳಗೆ ಹುಡುಕುವಾಗ ಪೂರ್ತಿ ಓದುತ್ತಾ ಕೂರಬೇಡಿ. ಕಂಪ್ಯೂಟರಿನಲ್ಲಾದರೆ ಕಂಟ್ರೋಲ್ ಮತ್ತು ಎಫ್ ಒತ್ತಿ, ಈ ಪದಗಳನ್ನು ಒಂದೊಂದಾಗಿ ಹಾಕಿ:

```
inactive
dormant
maintenance fee
minimum
forfeit
sole discretion
```

ಇದರಲ್ಲಿ ಐದನೆಯದು ಸಿಕ್ಕರೆ ಅಲ್ಲಿ ನಿಂತು ಓದಿ. ಯಾವಾಗ ನಿಮ್ಮ ದುಡ್ಡು ಪೂರ್ತಿ ಅವರದಾಗುತ್ತದೆ ಎನ್ನುವುದು ಅಲ್ಲಿರುತ್ತದೆ. ನಿಮ್ಮ ಪ್ರತಿಯಲ್ಲಿ ಅದು ಅಕೌಂಟ್ ಮುಚ್ಚುವ ಭಾಗದಲ್ಲಿದೆ. ನೀವಾಗಿಯೇ ಬಟನ್ ಒತ್ತಿ ಅಕೌಂಟ್ ಮುಚ್ಚಿದರೆ, 100ಕ್ಕಿಂತ ಕಡಿಮೆ ಇರುವ ದುಡ್ಡನ್ನು ಬಿಟ್ಟುಕೊಟ್ಟಂತೆ. ಅದೇ ನೀವು ಸಪೋರ್ಟಿಗೆ ಬರೆದು, ಅಂತಿಮ ಪಾವತಿ ಕೇಳಿ ಮುಚ್ಚಿಸಿದರೆ, ಪ್ರೊಸೆಸಿಂಗ್ ಫೀ ಹಿಡಿದು ಉಳಿದದ್ದು ಕೊಡುತ್ತಾರೆ. ಕೆಲಸ ಒಂದೇ, ದಾರಿ ಎರಡು, ಫಲ ತದ್ವಿರುದ್ಧ. ಬಟನ್ ಒತ್ತಬೇಡಿ ಅಂದದ್ದು ಇದಕ್ಕೇ.

ಅಂತಿಮ ಪಾವತಿ ಎನ್ನುವುದು ಅಪರೂಪದ ಸೌಲಭ್ಯವೇನಲ್ಲ. ಯೂಟ್ಯೂಬ್ ಅಥವಾ ಬ್ಲಾಗ್ ಜಾಹೀರಾತಿನ ದುಡ್ಡು ಬರುವ ಗೂಗಲ್ ಆಡ್‌ಸೆನ್ಸ್‌ನಲ್ಲೂ ಡಾಲರ್ ಲೆಕ್ಕದಲ್ಲಿ 100 ಆದ ಮೇಲೆಯೇ ಪಾವತಿ. ಆದರೆ ಅಕೌಂಟ್ ಮುಚ್ಚಿದರೆ 10 ಡಾಲರಿಗಿಂತ ಜಾಸ್ತಿ ಇರುವ ಬಾಕಿಯನ್ನು ಕೊಡುತ್ತಾರೆ. ಕನಿಷ್ಠ ಮೊತ್ತ ಇಡುವುದು ತಪ್ಪಲ್ಲ. ಸಣ್ಣ ಸಣ್ಣ ಮೊತ್ತ ಕಳಿಸಲು ಅವರಿಗೂ ಖರ್ಚಿದೆ. ಹೊರಗೆ ಹೋಗುವವರಿಗೆ ಬೇರೆ ಕನಿಷ್ಠ ಇದೆಯೋ ಇಲ್ಲವೋ, ಅದನ್ನು ನೋಡಬೇಕು.

ಈಗ ಆ ದಿನಾಂಕದ ವಿಷಯಕ್ಕೆ ಮತ್ತೆ ಬರೋಣ. ಹೊಸ ಷರತ್ತು ಬಂದ ಮೇಲೆ ನಮ್ಮ ಸೇವೆಯನ್ನು ಬಳಸಿದರೆ ಒಪ್ಪಿದಂತೆ, ಎಂದು ಅವರು ಬರೆದಿದ್ದಾರೆ. ನೀವು ಮಾರ್ಚ್ ನಂತರ ಮಾಡಿದ್ದು ಒಂದೇ, ಜೂನಿನ ಆ ಲಾಗಿನ್. ಹಾಗಾದರೆ ನಿಮ್ಮ ಒಪ್ಪಿಗೆ ತೋರಿಸಲು ಅವರ ಹತ್ತಿರ ಇರುವುದು ಆ ಲಾಗಿನ್ ಮಾತ್ರ. ಒಪ್ಪಿಗೆಗೆ ಅದೇ ಲಾಗಿನ್ ಬಳಕೆ ಆಗುತ್ತದೆ, ಶುಲ್ಕದ ವಿಷಯ ಬಂದಾಗ ಅದೇ ಲಾಗಿನ್ ಚಟುವಟಿಕೆ ಆಗುವುದಿಲ್ಲ! ಇದನ್ನು ಅವರ ಮುಂದೆ ನೇರವಾಗಿ ಇಡಿ. ಜೂನಿನ ಲಾಗಿನ್ನನ್ನು ಲೆಕ್ಕಕ್ಕೆ ಹಿಡಿದರೆ 12 ತಿಂಗಳು ತುಂಬುವುದು 2025ರ ಜೂನಿಗೆ. ಆಗ ಕಡಿಯಬಹುದಾದದ್ದು ಜುಲೈ ತಿಂಗಳ 5 ಡಾಲರ್ ಮಾತ್ರ. ಉಳಿದ 35 ವಾಪಸ್ ಕೊಡಬೇಕು. ಲಾಗಿನ್ನನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದರೆ, ಹೊಸ ಷರತ್ತನ್ನು ನೀವು ಒಪ್ಪಿದ್ದೇ ಇಲ್ಲ. ಹಳೆಯ ಷರತ್ತಿನಲ್ಲಿ ಶುಲ್ಕ ಇರಲಿಲ್ಲ ಅಂತ ನೀವು ತೋರಿಸಿದರೆ 40ನ್ನೂ ಕೇಳಬಹುದು.

ಇದು ಕೋರ್ಟಿನಲ್ಲಿ ಗೆದ್ದೇ ಗೆಲ್ಲುವ ವಾದ ಅಂತ ನಾನು ಹೇಳುವುದಿಲ್ಲ. ಎರಡು ಪದಕ್ಕೆ ಎರಡು ಅರ್ಥ ಅಂತ ಅವರು ಬರೆದುಕೊಂಡೇ ಇದ್ದಾರೆ. ಆದರೆ ಇಂಥ ಸಣ್ಣ ಮೊತ್ತವನ್ನು ವಾಪಸ್ ಹಾಕುವ ಅಧಿಕಾರ ಸಾಮಾನ್ಯವಾಗಿ ಸಪೋರ್ಟಿನವರ ಕೈಯಲ್ಲೇ ಇರುತ್ತದೆ. ಬರೀ ಬೇಸರ ಹೇಳಿಕೊಂಡ ಪತ್ರಕ್ಕಿಂತ, ದಿನಾಂಕ ಹಿಡಿದು ಇಷ್ಟು ಡಾಲರ್ ಅಂತ ಕೇಳಿದ ಪತ್ರಕ್ಕೆ ಬೇಗ ಉತ್ತರ ಬರುತ್ತದೆ.

ಇನ್ನೊಂದು ವಿಷಯ. ಕಡಿತ ಶುರು ಮಾಡುವ 30 ದಿನ ಮೊದಲು ಇಮೇಲ್ ಕಳಿಸುತ್ತೇವೆ ಎಂದು ನಿಮ್ಮ ಪ್ರತಿಯ ಶುಲ್ಕದ ಭಾಗದಲ್ಲೇ ಇದೆ. ನವೆಂಬರ್ ತಿಂಗಳ ಇಮೇಲ್ ಹುಡುಕಿ. ಸ್ಪ್ಯಾಮ್ ನೋಡಿ, ಪ್ರೊಮೋಷನ್ಸ್ ಎನ್ನುವ ಭಾಗವನ್ನೂ ನೋಡಿ. ಸ್ಪ್ಯಾಮಿನಲ್ಲಿರುವುದು 30 ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ, ಆದ್ದರಿಂದ ಅಲ್ಲಿ ಇಲ್ಲದ ಮಾತ್ರಕ್ಕೆ ಬಂದೇ ಇಲ್ಲ ಅಂತ ಗಟ್ಟಿಯಾಗಿ ಹೇಳಬೇಡಿ. ಯಾವ ದಿನ, ಯಾವ ವಿಳಾಸಕ್ಕೆ ಕಳಿಸಿದ್ದೀರಿ ತಿಳಿಸಿ ಅಂತ ಕೇಳಿ. ತೋರಿಸುವ ಹೊಣೆ ಅವರದು.

ಪತ್ರದಲ್ಲಿ ನಾಲ್ಕು ವಿಷಯ ಸಾಕು. ಕಡಿತದ ತಿಂಗಳುವಾರು ಪಟ್ಟಿ ಕೇಳಿ. ನೀವು ಯಾವ ಷರತ್ತನ್ನು ಯಾವ ದಿನ ಒಪ್ಪಿದ್ದೀರಿ ಎನ್ನುವ ದಾಖಲೆ ಕೇಳಿ. ಮುನ್ಸೂಚನೆಯ ಇಮೇಲ್ ವಿವರ ಕೇಳಿ. ಕೊನೆಗೆ 35 ಡಾಲರ್ ವಾಪಸ್ ಹಾಕಿ, ಬಾಕಿಯನ್ನು ಅಂತಿಮ ಪಾವತಿಯಾಗಿ ಕೊಡಿ ಎಂದು ಕೇಳಿ. ಚಾಟಿನಲ್ಲಿ ಬರೆದರೆ ಮುಗಿಯುವ ಮೊದಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಇಮೇಲ್ ಆದರೆ ಇನ್ನೂ ಒಳ್ಳೆಯದು.

ಆಗಸ್ಟಿನ ಕಡಿತ ಬೀಳುವ ಮೊದಲು ಸಾಧ್ಯವಾದರೆ ಒಂದು ಸಣ್ಣ ಕೆಲಸ ಹಿಡಿದು ಮುಗಿಸಿ. 3 ಡಾಲರಿನದ್ದಾದರೂ ಸರಿ. ದುಡ್ಡು ಜಮಾ ಆದ ದಿನದಿಂದ ಮತ್ತೆ 12 ತಿಂಗಳ ಗಡುವು ಸಿಗುತ್ತದೆ. ನಿಧಾನವಾಗಿ ಪತ್ರ ವ್ಯವಹಾರ ಮಾಡಬಹುದು.

ಕೈಗೆ ಎಷ್ಟು ಬರುತ್ತದೆ ಅಂತಲೂ ಒಮ್ಮೆ ನೋಡೋಣ. ಲೆಕ್ಕ ಸುಲಭವಾಗಲಿ ಅಂತ ಡಾಲರಿಗೆ 85 ರೂಪಾಯಿ ಹಿಡಿಯುತ್ತೇನೆ. ಪ್ರತಿ ವಿತ್‌ಡ್ರಾಗೆ 3 ಡಾಲರ್ ಪ್ರೊಸೆಸಿಂಗ್ ಫೀ. 44ರಲ್ಲಿ ಅದು ಹೋಗಿ 41 ಉಳಿಯಿತು. ಅದನ್ನು ರೂಪಾಯಿ ಮಾಡಿದರೆ 3,485. ಆದರೆ ಇಷ್ಟೂ ಬರುವುದಿಲ್ಲ. ರೂಪಾಯಿಗೆ ಬದಲಾಯಿಸುವಾಗ ಮಾರುಕಟ್ಟೆ ದರಕ್ಕಿಂತ 2.5 ಶೇಕಡಾ ಕಡಿಮೆ ದರ ಕೊಡುತ್ತೇವೆ ಎಂದು ಪಾವತಿಯ ಪುಟದಲ್ಲಿದೆ. ಅದಕ್ಕೆ ಸುಮಾರು 87 ರೂಪಾಯಿ. ಕೈಗೆ 3,398. ನೀವು 84 ಇದ್ದಾಗಲೇ ಅಂತಿಮ ಪಾವತಿ ಕೇಳಿದ್ದರೆ ಇದೇ ಲೆಕ್ಕದಲ್ಲಿ 6,713 ಬರುತ್ತಿತ್ತು. 35 ಡಾಲರ್ ವಾಪಸ್ ಹಾಕಿಸಿಕೊಂಡರೆ, 79 ಡಾಲರಿಗೆ ಸುಮಾರು 6,300 ಬರುತ್ತದೆ.

ಇದರಲ್ಲಿ 3 ಡಾಲರ್ ಮಾತ್ರ ಶುಲ್ಕದ ಪಟ್ಟಿಯಲ್ಲಿ ಶುಲ್ಕ ಅಂತ ಕಾಣುತ್ತದೆ. ಆ 2.5 ಶೇಕಡಾ ದರದ ಒಳಗೇ ಸೇರಿರುತ್ತದೆ. ಮೊತ್ತ ದೊಡ್ಡದಾದಂತೆ ಅದೇ ದೊಡ್ಡ ಖರ್ಚು. 100 ಡಾಲರಿಗೆ 3 ಡಾಲರ್ ಫೀ, ಸುಮಾರು ಎರಡೂವರೆ ಡಾಲರ್ ದರದ ವ್ಯತ್ಯಾಸ. 400 ಡಾಲರಿಗೂ ಫೀ 3 ಮಾತ್ರ, ಆದರೆ ದರದ ವ್ಯತ್ಯಾಸ 10 ಆಗುತ್ತದೆ. ದುಡ್ಡು ಡಾಲರ್ ಆಗಿಯೇ ನಿಮ್ಮ ಬ್ಯಾಂಕಿಗೆ ಬಂದು ಅಲ್ಲಿ ರೂಪಾಯಿ ಆದರೆ, ಬ್ಯಾಂಕು ತನ್ನ ಶುಲ್ಕ ಹಿಡಿಯುತ್ತದೆ. ಜೊತೆಗೆ ಬದಲಾವಣೆಯ ಮೇಲೆ ಜಿಎಸ್‌ಟಿ ಬೇರೆ, ಮೊತ್ತ ಎಷ್ಟೇ ಚಿಕ್ಕದಿರಲಿ ಅದು ಕನಿಷ್ಠ 45 ರೂಪಾಯಿ. ಹಾಗಾಗಿ ಸಣ್ಣ ಮೊತ್ತ ಪದೇಪದೇ ತರಿಸಿಕೊಳ್ಳುವುದು ನಷ್ಟ. ಹಾಗಂತ ವರ್ಷಗಟ್ಟಲೆ ಅಲ್ಲೇ ಬಿಡುವುದೂ ನಷ್ಟ. ನಮ್ಮ ಕಡೆ ಮಳೆಗಾಲದಲ್ಲಿ ಆನ್‌ಲೈನ್ ಕೆಲಸ ಮಾಡಿ ಕುಯ್ಲಿಗೆ ಬಿಡುವವರಿಗೆ, ನವೆಂಬರ್ ಕೊನೆಯೊಳಗೆ ಒಮ್ಮೆ ಪೂರ್ತಿ ಖಾಲಿ ಮಾಡಿಕೊಂಡು ತೋಟಕ್ಕೆ ಇಳಿಯುವುದು ಒಳ್ಳೆಯದು.

ವಿತ್‌ಡ್ರಾ ಮಾಡಲು ಹೋದಾಗ ನಮ್ಮ ಜಿಲ್ಲೆಯವರು ಸಿಕ್ಕಿಹಾಕಿಕೊಳ್ಳುವ ಜಾಗ ಎರಡಿವೆ. ಮೊದಲನೆಯದು ಹೆಸರು. ಕೊಡವರಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಪ್ಲಾಟ್‌ಫಾರ್ಮಿನಲ್ಲಿ ಅದು ತಿರುಗಾಮುರುಗಾ ಆಗಿರುತ್ತದೆ. ಬೇರೆಯವರಿಗೂ ಪಾಸ್‌ಬುಕ್ಕಿನಲ್ಲಿ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ಪೂರ್ತಿ ಹೆಸರು. ಹೆಸರು ತಾಳೆಯಾಗದಿದ್ದರೆ ಗುರುತಿನ ಪರಿಶೀಲನೆ ನಿಲ್ಲುತ್ತದೆ. ಪರಿಶೀಲನೆ ಆಗದ ಅಕೌಂಟಿಗೆ ವಿತ್‌ಡ್ರಾ ಮಿತಿ ತೀರಾ ಕಡಿಮೆ ಇರುತ್ತದೆ, ಅಥವಾ ಬಾಗಿಲೇ ತೆರೆಯುವುದಿಲ್ಲ. ಅಷ್ಟರಲ್ಲಿ ನಿಷ್ಕ್ರಿಯ ಶುಲ್ಕದ ದಿನಗಳು ಓಡುತ್ತಲೇ ಇರುತ್ತವೆ. ಪ್ಯಾನ್, ಬ್ಯಾಂಕ್, ಪ್ಲಾಟ್‌ಫಾರ್ಮ್ ಮೂರರಲ್ಲೂ ಹೆಸರು ಒಂದೇ ರೀತಿ, ಒಂದೇ ಕ್ರಮದಲ್ಲಿ ಇದೆಯಾ ಅಂತ ಪತ್ರ ಬರೆಯುವ ಮೊದಲೇ ನೋಡಿಕೊಳ್ಳಿ. ಬ್ಯಾಂಕ್ ವಿವರ ಹೊಸದಾಗಿ ಹಾಕಿದರೆ ಕೆಲವು ದಿನ ವಿತ್‌ಡ್ರಾ ತಡೆಹಿಡಿಯುವುದೂ ಸಾಮಾನ್ಯ.

ಎರಡನೆಯದು ಓಟಿಪಿ. ಜುಲೈನಲ್ಲಿ ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತದೆ. ಓಟಿಪಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಹಲವು ಬಾರಿ ತಪ್ಪಿದರೆ ಅಕೌಂಟ್ ಲಾಕ್ ಆಗಬಹುದು. ಪ್ಲಾಟ್‌ಫಾರ್ಮಿನ ಸೆಟ್ಟಿಂಗ್‌ನಲ್ಲಿ ಅಥೆಂಟಿಕೇಟರ್ ಆ್ಯಪ್ ಬಳಸುವ ಅವಕಾಶ ಇದ್ದರೆ ಅದಕ್ಕೆ ಬದಲಾಯಿಸಿಕೊಳ್ಳಿ. ಆ ಆ್ಯಪ್ ಕೋಡ್ ಕೊಡಲು ಮೊಬೈಲ್ ಸಿಗ್ನಲ್ ಬೇಡ.

ಬ್ಯಾಂಕಿನ ವಿಷಯ ಕೇಳಿದ್ದೀರಿ. ನೀವು ಹೇಳಿದ್ದು ಸರಿ. ಎರಡು ವರ್ಷ ವ್ಯವಹಾರ ಇಲ್ಲದ ಖಾತೆ ನಿಷ್ಕ್ರಿಯ ಆಗುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಏಪ್ರಿಲ್ 1ರಿಂದ ಅಂಥ ಖಾತೆಗೆ ಕನಿಷ್ಠ ಮೊತ್ತ ಇಲ್ಲ ಅಂತ ದಂಡ ಹಾಕುವಂತಿಲ್ಲ, ಮತ್ತೆ ಚಾಲು ಮಾಡಲು ಶುಲ್ಕವನ್ನೂ ಕೇಳುವಂತಿಲ್ಲ. ನಮ್ಮ ದೇಶದ ಮೊಬೈಲ್ ವಾಲೆಟ್‌ಗಳಿಗೂ ನಿಯಮ ಇದೆ. ಅವಧಿ ಮುಗಿಯುವ ಮೊದಲಿನ 45 ದಿನಗಳಲ್ಲಿ ನಿಮಗೆ ತಿಳಿಸಬೇಕು. ಅವಧಿ ಮುಗಿದ ಮೇಲೂ ಮೂರು ವರ್ಷ ಆ ದುಡ್ಡನ್ನು ತಮ್ಮ ಲಾಭಕ್ಕೆ ಹಾಕಿಕೊಳ್ಳುವಂತಿಲ್ಲ. ಆದರೆ ನಿಮ್ಮ 44 ಡಾಲರ್ ಬ್ಯಾಂಕ್ ಠೇವಣಿಯೂ ಅಲ್ಲ, ರಿಸರ್ವ್ ಬ್ಯಾಂಕ್ ಅನುಮತಿಯ ವಾಲೆಟ್ಟೂ ಅಲ್ಲ. ಹೊರದೇಶದ ಕಂಪನಿ ನಿಮಗೆ ಕೊಡಬೇಕಾದ ಬಾಕಿ ಅಷ್ಟೇ. ಪರದೆಯ ಮೇಲೆ ವಾಲೆಟ್ ಅಂತ ಬರೆದಿದ್ದರೂ ಆ ರಕ್ಷಣೆ ಇದಕ್ಕಿಲ್ಲ. ಹಾಗಾಗಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಟ್ಟು ದಿನ ಕಳೆಯಬೇಡಿ.

ದೂರು ಕೊಡಬೇಕಾದ್ದು ಗ್ರಾಹಕ ಕಾನೂನಿನಡಿ. 2020ರ ಇ-ಕಾಮರ್ಸ್ ನಿಯಮಗಳು ಭಾರತದಲ್ಲಿ ನಿಯಮಿತವಾಗಿ ಸೇವೆ ಕೊಡುವ ಹೊರದೇಶದ ಕಂಪನಿಗೂ ಅನ್ವಯಿಸುತ್ತವೆ. ಅವರ ದೂರು ಅಧಿಕಾರಿ 48 ಗಂಟೆಯಲ್ಲಿ ದೂರು ತಲುಪಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಪತ್ರದಲ್ಲಿ ಈ ನಿಯಮದ ಹೆಸರು ಹಾಕಿ. ಉತ್ತರ ಬರದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಒಂದು ತೊಡಕು ಇದೆ. ದುಡ್ಡು ಗಳಿಸಲು ಪ್ಲಾಟ್‌ಫಾರ್ಮ್ ಬಳಸಿದವರು ಗ್ರಾಹಕರೇ ಅಲ್ಲ ಅಂತ ಅವರು ಹೇಳಬಹುದು. ಕಾನೂನಿನಲ್ಲಿ, ಹೊಟ್ಟೆಪಾಡಿಗಾಗಿ ಸ್ವಂತ ಉದ್ಯೋಗ ಮಾಡುವವರಿಗೆ ಮಾತ್ರ ವಿನಾಯಿತಿ ಇದೆ. ನಿಮಗೆ ತೋಟವೂ ಇರುವುದರಿಂದ ಅಲ್ಲಿ ಜಗ್ಗಾಟ ಆಗುತ್ತದೆ.

ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕುವ ಹಕ್ಕು 2019ರ ಕಾಯ್ದೆಯಲ್ಲಿದೆ, ಇಷ್ಟು ಸಣ್ಣ ಮೊತ್ತಕ್ಕೆ ಶುಲ್ಕವೂ ಇಲ್ಲ. ಆದರೆ ಷರತ್ತೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಅಂತ ಕೇಳುವುದಾದರೆ ಅದು ಬೆಂಗಳೂರಿನ ರಾಜ್ಯ ಆಯೋಗದ ಕೆಲಸ. 35 ಡಾಲರಿಗಾಗಿ ಅಷ್ಟು ದೂರ ಓಡಾಡಿ ಅಂತ ನಾನು ಹೇಳಲಾರೆ. ಪತ್ರ ಮತ್ತು 1915, ಇಷ್ಟನ್ನು ಮಾತ್ರ ಬಿಡದೆ ಮಾಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಸಪೋರ್ಟಿನವರ ಹೆಸರಿನಲ್ಲಿ ಯಾರಾದರೂ ವಾಟ್ಸ್ಆ್ಯಪಿನಲ್ಲೋ ಟೆಲಿಗ್ರಾಮಿನಲ್ಲೋ ಬಂದು, ಅಕೌಂಟ್ ಚಾಲು ಮಾಡಲು ಇಷ್ಟು ಕಟ್ಟಿ, ತೆರಿಗೆ ಮೊದಲೇ ಕಟ್ಟಿ, ಆಮೇಲೆ ದುಡ್ಡು ಬಿಡುಗಡೆ ಅಂದರೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ನಿಜವಾದ ಪ್ರೊಸೆಸಿಂಗ್ ಫೀಯನ್ನು ನಿಮ್ಮ ಬಾಕಿಯಿಂದಲೇ ಹಿಡಿಯುತ್ತಾರೆ. ನಿಮ್ಮ ಜೇಬಿನಿಂದ ಮೊದಲು ಕಟ್ಟಿಸಿಕೊಳ್ಳುವುದು ಮೋಸ. ಈಗಾಗಲೇ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.